ಪತಿಯ ನಿಧನ ತಿಳಿಸಿ ಬರೆದ ಮೂರು ಪತ್ರಗಳು

ಜಂಬೂರು ಪುನರ್ವಸತಿ ಬಡಾವಣೆ,
ಮಾದಾಪುರ, ಸೋಮವಾರಪೇಟೆ ತಾಲ್ಲೂಕು, ಕೊಡಗು
28 ಜುಲೈ 2025

ಶಾಖಾ ವ್ಯವಸ್ಥಾಪಕರಿಗೆ, ಮಡಿಕೇರಿ

ವಿಷಯ: ಖಾತೆದಾರರಾದ ದಿ. ಗಣಪತಿ ಅವರ ಮರಣ ಹಾಗೂ ಖಾತೆಯ ಇತ್ಯರ್ಥ

ಮಾನ್ಯರೇ,

ನಿಮ್ಮ ಶಾಖೆಯಲ್ಲಿ 3318 ಎಂದು ಕೊನೆಗೊಳ್ಳುವ ಉಳಿತಾಯ ಖಾತೆ ಹೊಂದಿದ್ದ ನನ್ನ ಪತಿ ಗಣಪತಿ (49 ವರ್ಷ) ಜುಲೈ 14ರಂದು ಮಡಿಕೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅವರ ಎಟಿಎಂ ಕಾರ್ಡ್ ಮತ್ತು ಮೊಬೈಲ್ ಪಾವತಿ ಸೇವೆಯನ್ನು ಇಂದೇ ನಿಲ್ಲಿಸಿ. ಅಂದಿನಿಂದ ನಾವು ಯಾರೂ ಅವನ್ನು ಬಳಸಿಲ್ಲ; ಕಾರ್ಡನ್ನು ಇದರೊಂದಿಗೆ ಒಪ್ಪಿಸುತ್ತಿದ್ದೇನೆ.

ಖಾತೆಗೆ ನಾನೇ ನಾಮಿನಿ. ಬಾಕಿ ಹಣವನ್ನು ನಿಮ್ಮಲ್ಲಿಯೇ ಇರುವ ನನ್ನ ಖಾತೆಗೆ ವರ್ಗಾಯಿಸಿ. ದಾಖಲೆಗಳೆಲ್ಲ ಸೇರಿದ 15 ದಿನಗಳೊಳಗೆ ಇದು ಮುಗಿಯಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮವಿರುವುದರಿಂದ, ಏನಾದರೂ ಕೊರತೆ ಕಂಡರೆ ಎಲ್ಲವನ್ನೂ ಒಂದೇ ಸಲ ತಿಳಿಸಿ. ಮಳೆಗಾಲದಲ್ಲಿ ಮಾದಾಪುರದಿಂದ ಮತ್ತೆ ಮತ್ತೆ ಬಂದು ಹೋಗುವುದು ನನಗೆ ಕಷ್ಟ.

ಪಾಸ್‌ಪುಸ್ತಕದ ಪ್ರಕಾರ ಮೇ 31ರಂದು ಈ ಖಾತೆಯಿಂದ ಪ್ರಧಾನ ಮಂತ್ರಿ ಜೀವನ ಜ್ಯೋತಿ ವಿಮೆಗೆ 436 ರೂಪಾಯಿ ಕಡಿತವಾಗಿದೆ. ಆ ಯೋಜನೆಯ 2 ಲಕ್ಷ ರೂಪಾಯಿಗಾಗಿ ತುಂಬಿದ ಅರ್ಜಿಯೂ ಇದೆ. ದಯವಿಟ್ಟು ವಿಮಾ ಕಂಪನಿಗೆ ಕಳುಹಿಸಿ, ಸ್ವೀಕೃತಿ ಕೊಡಿ.

ನನ್ನ ಹೆಸರಿನಲ್ಲಿ ಜೋಮಾಲೆ ಅಡವಿಟ್ಟು ಪಡೆದ ಚಿನ್ನದ ಸಾಲವೂ ನಿಮ್ಮಲ್ಲಿದೆ. ಆ ಸಾಲ ನನ್ನದು, ತೀರಿಸುವವಳೂ ನಾನೇ. ಈ ತಿಂಗಳ ಬಡ್ಡಿ ತಡವಾಗಿದೆ. ಆಗಸ್ಟ್ 10ರೊಳಗೆ ಕಟ್ಟುತ್ತೇನೆ.

ಲಗತ್ತು: ಮರಣ ಪ್ರಮಾಣಪತ್ರ (ಮೂಲವನ್ನು ತೋರಿಸಿ ಹಿಂಪಡೆಯುತ್ತೇನೆ), ಇಬ್ಬರ ಆಧಾರ್ ಪ್ರತಿ, ಪಾಸ್‌ಪುಸ್ತಕ, ನಾಮಿನಿ ಕೋರಿಕೆ ನಮೂನೆ. ಆಧಾರ್‌ನಲ್ಲಿ ಮಕ್ಕಂದೂರಿನ ಹಳೆಯ ವಿಳಾಸವಿದೆ. ಆ ಮನೆ 2018ರ ಭೂಕುಸಿತದಲ್ಲಿ ಹೋಯಿತು. ಜಂಬೂರಿನ ಮನೆಯ ಹಂಚಿಕೆ ಪತ್ರದ ಪ್ರತಿಯನ್ನೂ ಇಟ್ಟಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಗೌರಮ್ಮ

⁂

28 ಜುಲೈ 2025
ಶಾಖಾ ವ್ಯವಸ್ಥಾಪಕರಿಗೆ, ಭಾರತೀಯ ಜೀವ ವಿಮಾ ನಿಗಮ, ಮಡಿಕೇರಿ

ವಿಷಯ: ಮರಣದ ಕ್ಲೇಮು, ಪಾಲಿಸಿ ಸಂಖ್ಯೆಯ ಕೊನೆಯ ನಾಲ್ಕು ಅಂಕಿ 7046

ಮಾನ್ಯರೇ,

ನನ್ನ ಪತಿ ಗಣಪತಿ 2009ರಲ್ಲಿ 3 ಲಕ್ಷ ರೂಪಾಯಿಯ ಪಾಲಿಸಿ ಮಾಡಿಸಿದ್ದರು. ಕಳೆದ ಮಾರ್ಚ್‌ವರೆಗಿನ ಅರ್ಧವಾರ್ಷಿಕ ಕಂತು ಪಾವತಿಯಾಗಿದೆ. ಒಂದು ಕಂತೂ ತಪ್ಪಿಲ್ಲ. ಜುಲೈ 14ರಂದು ಅವರು ಹೃದಯಾಘಾತದಿಂದ ನಿಧನರಾದರು. ನಾಮಿನಿಯಾದ ನಾನು ವಿಮಾ ಮೊತ್ತ ಮತ್ತು ಬೋನಸ್ ಕೋರುತ್ತಿದ್ದೇನೆ.

ಒಂದು ವಿಷಯವನ್ನು ಮೊದಲೇ ಹೇಳಬೇಕು. ಮೂಲ ಪಾಲಿಸಿ ಪತ್ರ ನನ್ನ ಬಳಿ ಇಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರಿನಲ್ಲಿ ಗುಡ್ಡ ಕುಸಿದಾಗ ಮನೆಯ ಕಾಗದಪತ್ರಗಳ ಪೆಟ್ಟಿಗೆ ಮಣ್ಣಿನಡಿ ಹೋಯಿತು. ನಾವು ಮಕ್ಕಳ ಕೈ ಹಿಡಿದು ಹೊರಟಿದ್ದೆವು, ಪೆಟ್ಟಿಗೆ ನೆನಪಾಗಲಿಲ್ಲ. ಆದ್ದರಿಂದ ನಷ್ಟಭರ್ತಿ ಪತ್ರ ಬರೆದುಕೊಡಲು ಸಿದ್ಧಳಿದ್ದೇನೆ. ಎಷ್ಟು ಮೌಲ್ಯದ ಛಾಪಾ ಕಾಗದ, ಯಾರ ಜಾಮೀನು ಬೇಕು ಎಂಬುದನ್ನು ಬರೆದು ತಿಳಿಸಿ. ಪಾಲಿಸಿಯನ್ನು ಯಾರಿಗೂ ಒತ್ತೆ ಇಟ್ಟಿಲ್ಲ, ಅದರ ಮೇಲೆ ಸಾಲ ಪಡೆದಿಲ್ಲ.

ಮರಣ ಪ್ರಮಾಣಪತ್ರ, ತುಂಬಿದ 3783ನೇ ನಮೂನೆ, ಕೊನೆಯ ಕಂತಿನ ರಸೀದಿ, ನನ್ನ ಆಧಾರ್ ಮತ್ತು ಪ್ಯಾನ್, ರದ್ದುಗೊಳಿಸಿದ ಚೆಕ್ ಹಾಗೂ ಮನೆ ನಾಶದ ಬಗ್ಗೆ ತಹಶೀಲ್ದಾರರು ಅಂದು ಕೊಟ್ಟ ಪತ್ರದ ಪ್ರತಿ ಲಗತ್ತಿಸಿದ್ದೇನೆ.

ಇಂತಿ,
ಗೌರಮ್ಮ

⁂

28 ಜುಲೈ 2025
ವ್ಯವಸ್ಥಾಪಕರಿಗೆ, ಕಾಫಿ ಕ್ಯೂರಿಂಗ್ ಘಟಕ, ಕೂಡ್ಲೂರು ಕೈಗಾರಿಕಾ ಪ್ರದೇಶ, ಕುಶಾಲನಗರ

ಮಾನ್ಯರೇ,

ಆ ಮಳೆಯಲ್ಲಿಯೂ ನೀವು ಮತ್ತು ಹಲ್ಲರ್ ವಿಭಾಗದವರು ಅಂತ್ಯಕ್ರಿಯೆಗೆ ಬಂದು ನಿಂತಿರಿ. ಹನ್ನೊಂದನೆಯ ದಿನದ ಕಾರ್ಯ ಮುಗಿಯುವ ತನಕ ನಿಮ್ಮಲ್ಲಿ ಪ್ರತಿಯೊಬ್ಬರೂ ವಿಚಾರಿಸುತ್ತಿದ್ದಿರಿ. ಅದಕ್ಕೆ ನಾನು ಕೃತಜ್ಞಳು.

ಸುದ್ದಿ ನಿಮಗೆ ಗೊತ್ತೇ ಇದ್ದರೂ ಕಡತಕ್ಕೆ ಬರಹ ಬೇಕಾಗುತ್ತದೆ: 21 ವರ್ಷ ನಿಮ್ಮಲ್ಲಿ ಯಂತ್ರ ನಿರ್ವಾಹಕರಾಗಿದ್ದ ನನ್ನ ಪತಿ ಗಣಪತಿ ಜುಲೈ 14ರಂದು ನಿಧನರಾದರು. ಅವರ ಗುರುತಿನ ಚೀಟಿ ಮತ್ತು ಗೋದಾಮಿನ ಎರಡು ಕೀಲಿಗಳನ್ನು ಮಗನ ಕೈಯಲ್ಲಿ ಕಳುಹಿಸಿದ್ದೇನೆ.

ಜುಲೈ ತಿಂಗಳ ಸಂಬಳ, ಉಳಿದ ರಜೆಯ ಹಣ ಮತ್ತು ಗ್ರಾಚ್ಯುಟಿಯನ್ನು ಲಗತ್ತಿಸಿದ ನನ್ನ ಖಾತೆಗೆ ಜಮಾ ಮಾಡಿ. ಅವರ ಖಾತೆ ಮುಚ್ಚುತ್ತಿದೆ. ಭವಿಷ್ಯ ನಿಧಿಯ ಮೂರು ಅರ್ಜಿಗಳನ್ನೂ ತುಂಬಿ ಇಟ್ಟಿದ್ದೇನೆ. ನಿಧಿಯ ಹಣಕ್ಕೆ 20ನೇ ನಮೂನೆ, ನನ್ನ ಮತ್ತು ಮಕ್ಕಳ ಪಿಂಚಣಿಗೆ 10ಡಿ, ಠೇವಣಿ ಸಂಬಂಧಿತ ವಿಮೆಗೆ 5ಐಎಫ್. ಈ ವಿಮೆಯ ಗರಿಷ್ಠ ಮೊತ್ತ 7 ಲಕ್ಷ ರೂಪಾಯಿ ಎಂದು ತಿಳಿದಿದ್ದೇನೆ. ಮಗನಿಗೆ 19, ಮಗಳಿಗೆ 17. ಮಕ್ಕಳ ಪಿಂಚಣಿ 25 ವರ್ಷದವರೆಗೆ ಸಿಗುವುದರಿಂದ ಇಬ್ಬರ ಜನ್ಮದಾಖಲೆಗಳನ್ನೂ ಸೇರಿಸಿದ್ದೇನೆ. ನಿಮ್ಮ ದೃಢೀಕರಣ ಇದ್ದರೆ ಕೆಲಸ ಬೇಗ ಮುಂದುವರಿಯುತ್ತದೆ. ಕೊನೆಯ ದಿನಾಂಕವನ್ನು ಜುಲೈ 14, ಕಾರಣವನ್ನು ‘ಮರಣ’ ಎಂದೇ ದಾಖಲಿಸಿ. ‘ಕೆಲಸ ಬಿಟ್ಟರು’ ಎಂದು ನಮೂದಾದರೆ ಪಿಂಚಣಿ, ವಿಮೆ ಎರಡಕ್ಕೂ ತೊಡಕಾಗುತ್ತದೆ.

ಮರಣ ಪ್ರಮಾಣಪತ್ರ, ನಾಡಕಚೇರಿಯ ಜೀವಂತ ಸದಸ್ಯರ ದೃಢೀಕರಣ ಪತ್ರ ಜೊತೆಗಿವೆ.

ಅವರ ಕಪಾಟಿನಲ್ಲಿ ಒಂದು ಹಳೆಯ ಸ್ವೆಟರ್ ಇರಬೇಕು. ನಾನು ಹೆಣೆದದ್ದು. ಸಿಕ್ಕರೆ ಮಗನಿಗೆ ಕೊಟ್ಟು ಕಳುಹಿಸಿ.

ವಂದನೆಗಳೊಂದಿಗೆ,
ಗೌರಮ್ಮ