ನೀರ್ಚಾಲಿನ ನಮ್ಮ ಮನೆಗೆ ದಾರಿ: ಮಾವನ ನಕ್ಷೆ ನೋಡಿ ಬರೆದದ್ದು

ರಮೇಶಣ್ಣ, ನಮಸ್ಕಾರ. ಶನಿವಾರದ ತಾಳಮದ್ದಳೆಗೆ ನೀವು ಮಂಗಳೂರು ಕಡೆಯಿಂದ ಕಾರಲ್ಲಿ ಬರುತ್ತೀರಿ ಅಂತ ಅಕ್ಕ ಹೇಳಿದಳು. ಮಾವ ಕೈಯಲ್ಲಿ ಬರೆದು ನಿಮಗೆ ಕಳಿಸಿದ ನಕ್ಷೆಯ ಫೋಟೋವನ್ನೂ ನೋಡಿದೆ. ಅದನ್ನೇ ಹಿಡಿದು ಹೊರಟರೆ ಬೇರೆ ಯಾರದ್ದೋ ತೋಟಕ್ಕೆ ಹೋಗಿ ನಿಲ್ಲುತ್ತೀರಿ. ಯಾಕೆಂದರೆ ಮಾವ ಜಗಲಿಯಲ್ಲಿ ಕೂತು, ಮನೆಯಿಂದ ಹೊರಗೆ ಹೋಗುವವರ ಲೆಕ್ಕದಲ್ಲಿ ಎಡ, ಬಲ ಬರೆದಿದ್ದಾರೆ. ಬರುವವರಿಗೆ ಅದೆಲ್ಲ ತಿರುಗಾಮುರುಗಾ. ಕೆಳಗೆ ನಾನು ಬರೆದ ಎಡ-ಬಲ ನಿಮ್ಮದು, ಇದ್ದ ಹಾಗೇ ತಗೊಳ್ಳಿ.

ಫೋಟೋದಲ್ಲಿ ಕೆಳಗಿರುವ ಅಲೆ ಅಲೆ ಗೆರೆ ಸಮುದ್ರ. ಮೇಲೆ ಮನೆ. ಅಂದರೆ ಮೇಲಿನದ್ದು ಪೂರ್ವ, ಎಡಗಡೆಯದ್ದು ಮಂಗಳೂರು, ಬಲಗಡೆಯದ್ದು ಕಾಸರಗೋಡು.

1. ಮಂಗಳೂರಿನಿಂದ ತಲಪಾಡಿ ಟೋಲ್ ದಾಟಿ ನೇರ ಬನ್ನಿ. ಮಾವ ‘17ನೇ ಹೈವೇ’ ಅಂತ ಬರೆದದ್ದು ಹಳೇ ನಂಬರು, ಈಗ ಬೋರ್ಡಿನಲ್ಲಿ 66 ಅಂತ ಇರುತ್ತದೆ. ಮಂಜೇಶ್ವರ, ಉಪ್ಪಳ, ಬಂದಿಯೋಡು ಒಂದೊಂದಾಗಿ ಹಿಂದೆ ಹೋಗುತ್ತವೆ.

2. ಶಿರಿಯ ಹೊಳೆಯ ಸೇತುವೆ ದಾಟಿದ ಮೇಲೆ ಹುಷಾರು. ಹೈವೇ ಈಗ ಆರು ಪಥದ್ದು, ಕುಂಬಳೆ ಪೇಟೆ ಕಂಡ ಮೇಲೆ ಇಳಿಯೋಣ ಅಂದರೆ ಆಗುವುದಿಲ್ಲ. ಮೊದಲೇ ಎಡಗಡೆಯ ಸರ್ವಿಸ್ ರಸ್ತೆಗೆ ಇಳಿದುಬಿಡಿ. ಮೊಗ್ರಾಲು ಅನ್ನುವ ಬೋರ್ಡ್ ಕಂಡರೆ ನೀವು ಮುಂದೆ ಹೋಗಿದ್ದೀರಿ, ವಾಪಸ್ ಬರಬೇಕು.

3. ಕುಂಬಳೆ ಪೇಟೆಯಲ್ಲಿ ಎಡಕ್ಕೆ, ಬದಿಯಡ್ಕ ರಸ್ತೆಗೆ ತಿರುಗಿ. ಗುರುತು ಸಿಗದಿದ್ದರೆ ಯಾರನ್ನಾದರೂ ಕೇಳಿ. ಕನ್ನಡ, ತುಳು, ಮಲಯಾಳ ಯಾವುದರಲ್ಲಿ ಕೇಳಿದರೂ ನಡೆಯುತ್ತದೆ.

4. ನಕ್ಷೆಯಲ್ಲಿ ಹಲ್ಲಿಯ ಹಾಗೆ ಏನೋ ಇದೆಯಲ್ವಾ? ಅದು ಮೊಸಳೆ. ಅನಂತಪುರದ ಸರೋವರ ದೇವಸ್ಥಾನದ ಗುರುತು. ಅಲ್ಲಿದ್ದ ಬಬಿಯಾ 2022ರಲ್ಲಿ ತೀರಿಕೊಂಡಿತು, ಮಾವನ ನಕ್ಷೆಯಲ್ಲಿ ಇನ್ನೂ ಇದೆ. ದೇವಸ್ಥಾನದ ಬೋರ್ಡ್ ಕಂಡರೂ ಅಲ್ಲಿ ತಿರುಗಬೇಡಿ, ದರ್ಶನ ಭಾನುವಾರ ಬೆಳಿಗ್ಗೆ ನಿಧಾನವಾಗಿ ಮಾಡಬಹುದು.

5. ಮುಂದೆ ಸೀತಾಂಗೋಳಿ. ಅಲ್ಲಿ ರಸ್ತೆಗಳು ಕೂಡುತ್ತವೆ, ನೀವು ಬದಿಯಡ್ಕ ಕಡೆಗೇ ಹೋಗಿ. ಬೇಳ ದಾಟಿದರೆ ನೀರ್ಚಾಲು. ಟೀ ಕುಡಿಯುವುದಿದ್ದರೆ ಇಲ್ಲೇ ಕುಡಿದುಬಿಡಿ, ಮುಂದೆ ಅಂಗಡಿ ಕಡಿಮೆ.

6. ಇಲ್ಲಿಂದ ಕಾರು ನಿಧಾನ. ನೀರ್ಚಾಲು ಪೇಟೆ ಬಿಟ್ಟು ಸ್ವಲ್ಪ ಮುಂದೆ ಬಲಗಡೆ ನೀಲಿ ಶಟರಿನ ಒಂದು ಸಣ್ಣ ಜೀನಸು ಅಂಗಡಿ. ಅದರ ಎದುರಿಗೆ, ಎಡಕ್ಕೆ, ಡಾಮರು ರಸ್ತೆ ಒಳಗೆ ಹೋಗುತ್ತದೆ. ಫೋಟೋದಲ್ಲಿ ಮಾವನ ಹೆಬ್ಬೆರಳಿನ ನೆರಳು ಬಿದ್ದು ಮುಚ್ಚಿಹೋದ ತಿರುವು ಇದೇ. ಬದಿಯಡ್ಕ ಪೇಟೆ ಬಂದರೆ ತಪ್ಪಿತು ಅಂತ ಲೆಕ್ಕ.

7. ಒಳಗೆ ‘2 ಫರ್ಲಾಂಗು’ ಅಂತ ಬರೆದಿದ್ದಾರೆ, ಅಂದರೆ ಸುಮಾರು 400 ಮೀಟರ್. ಡಾಮರು ಮುಗಿದು ಕಾಂಕ್ರೀಟ್ ಶುರುವಾಗುತ್ತದೆ, ಕೂಡಲೇ ಚಡವು. ಇಳಿಜಾರು ಜಾಸ್ತಿ, ಫಸ್ಟ್ ಗೇರಿನಲ್ಲೇ ಇಳಿಯಿರಿ. ಎದುರಿನಿಂದ ಜೀಪು ಬಂದರೆ ಮೇಲಿನಿಂದ ಇಳಿಯುವವರೇ ಹಿಂದೆ ಸರಿಯುವುದು ಇಲ್ಲಿಯ ರೂಢಿಯಲ್ಲ, ಜೀಪಿನವರೇ ಸರಿದು ಕೊಡುತ್ತಾರೆ.

8. ಚಡವು ಮುಗಿದಲ್ಲಿ ಗುಳಿಗನ ಕಟ್ಟೆ. ನಕ್ಷೆಯಲ್ಲಿ ಬರೀ ಸೊನ್ನೆ ಹಾಕಿದ್ದಾರೆ, ಬಾವಿಯೋ ಕಟ್ಟೆಯೋ ಗೊತ್ತಾಗದೆ ನಾನು ಫೋನ್ ಮಾಡಿ ಕೇಳಿದೆ. ಕಟ್ಟೆ. ಇಲ್ಲಿ ದಾರಿ ಕವಲು. ಎಡಗಡೆಯ ಅಗಲದ ದಾರಿ ಕೆಂಪುಕಲ್ಲಿನ ಕೋರೆಗೆ, ಲಾರಿಗಳದ್ದು. ನಿಮ್ಮದು ಬಲಗಡೆಯ ಸಪೂರದ್ದು. ಇದೊಂದೇ ನಿಜಕ್ಕೂ ತಪ್ಪುವ ಜಾಗ. ಅಗಲ ನೋಡಿ ಮೋಸ ಹೋಗಬೇಡಿ.

9. ತೋಡಿನ ಮೇಲಿನ ಮೋರಿ ದಾಟಿ, ಅಡಿಕೆ ತೋಟದ ಬದಿಯಲ್ಲೇ ಬಂದರೆ ಕಬ್ಬಿಣದ ಗೇಟು. ಅದೇ ಮನೆ.

ನಕ್ಷೆಯಲ್ಲಿ ಪೆನ್ಸಿಲಿನಲ್ಲಿ ಎಳೆದ ಚುಕ್ಕಿ ಗೆರೆಯೂ ಇದೆ, ಪಕ್ಕದಲ್ಲಿ ‘ಹತ್ತಿರ’ ಅಂತ. ಹತ್ತಿರವೇ, ಆದರೆ ಅದು ತೋಟದೊಳಗಿನ ಕಾಲುದಾರಿ. ಅಡಿಕೆ ಮರದ ಸಂಕ ದಾಟಬೇಕು. ಕಾರಿಗಲ್ಲ, ಕತ್ತಲೆಯಲ್ಲಿ ನಡೆಯುವವರಿಗೂ ಅಲ್ಲ.

ಬಸ್ಸಿನಲ್ಲಿ ಬರುವ ಯೋಚನೆಯಾದರೆ ಮಂಗಳೂರು-ಕಾಸರಗೋಡು ಬಸ್ಸಿನಲ್ಲಿ ಕುಂಬಳೆಯಲ್ಲಿ ಇಳಿಯಿರಿ, ಅಲ್ಲಿಂದ ಬದಿಯಡ್ಕ ಬಸ್ಸು ಹತ್ತಿ ನೀರ್ಚಾಲಿಗೆ ಟಿಕೆಟ್ ತಗೊಳ್ಳಿ. ನಾನು ಬೈಕಲ್ಲಿ ಬಂದು ಕರೆದುಕೊಂಡು ಹೋಗುತ್ತೇನೆ.

ಕಟ್ಟೆಯಿಂದ ಈಚೆಗೆ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ಹಾಗಾಗಿ ನೀಲಿ ಶಟರಿನ ಅಂಗಡಿಯ ಎದುರು ನಿಲ್ಲಿಸಿ ಮನೆಯ ಲ್ಯಾಂಡ್‌ಲೈನಿಗೆ ಒಂದು ಫೋನ್ ಮಾಡಿ, ಟಾರ್ಚ್ ಹಿಡಿದು ಕವಲಿನ ಹತ್ತಿರ ಬರುತ್ತೇನೆ. ಕಾರನ್ನು ಗೇಟಿನ ಹೊರಗೇ, ಹಲಸಿನ ಮರದ ಕೆಳಗೆ ನಿಲ್ಲಿಸಿ. ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದೆ, ಅದರ ಮೇಲೆ ಚಕ್ರ ಹತ್ತಿದರೆ ಮಾವ ಭಾಗವತರನ್ನೂ ಬಿಟ್ಟು ನಿಮ್ಮ ಜೊತೆ ಜಗಳಕ್ಕೆ ಕೂರುತ್ತಾರೆ. ಊಟ 8 ಗಂಟೆಗೆ, ತಾಳಮದ್ದಳೆ ಆಮೇಲೆ. ಬೆಳಕು ಇರುವಾಗಲೇ ಕುಂಬಳೆ ಬಿಡುವ ಹಾಗೆ ಹೊರಡಿ.