ನೀರು ನಿರ್ವಹಣೆಯ ಹೊಣೆಯಿಂದ ಬಿಡುಗಡೆ: ಜೂನ್ 30 ಕೊನೆಯ ದಿನ

ಸಂಘದ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ಖಜಾಂಚಿಗಳಿಗೆ ಮತ್ತು ಎರಡೂ ಬ್ಲಾಕಿನ 48 ಮನೆಗಳವರಿಗೆ ನಮಸ್ಕಾರ.

ನಮ್ಮ ನಿವಾಸಿಗಳ ಸಂಘದ ನೀರು ಮತ್ತು ಪಂಪ್ ನಿರ್ವಹಣೆಯ ಸಂಯೋಜಕನ ಸ್ಥಾನವನ್ನು ಜೂನ್ 30ರ ಸಂಜೆ 6 ಗಂಟೆಗೆ ಬಿಡುತ್ತಿದ್ದೇನೆ. ಇದು ಅಂತಿಮ ನಿರ್ಧಾರ. ನಾಲ್ಕು ವರ್ಷ ಈ ಕೆಲಸಕ್ಕೆ ಕೊಟ್ಟ ಹೊತ್ತನ್ನು ಇನ್ನು ಮುಂದೆ ಮನೆಗೆ ಕೊಡಬೇಕಾಗಿದೆ. ಯಾರ ಮೇಲೂ ಬೇಸರವಿಲ್ಲ. ಸಮಿತಿಯ ಯಾವ ತೀರ್ಮಾನಕ್ಕೂ ಇದಕ್ಕೂ ಸಂಬಂಧವಿಲ್ಲ.

ಹೊಸಬರು ಸಿಗುವ ತನಕ ಮುಂದುವರಿಯಿರಿ ಎಂದು ಕೆಲವರು ಪ್ರೀತಿಯಿಂದಲೇ ಕೇಳುತ್ತೀರಿ ಎಂಬುದು ಗೊತ್ತಿದೆ. ಅದು ಆಗುವುದಿಲ್ಲ. ಹೊಸಬರು ಸಿಗದಿದ್ದರೂ ದಿನಾಂಕ ಬದಲಾಗದು. ಬೀಗದ ಕೈಗಳು ಮತ್ತು ದಾಖಲೆಗಳು ಆ ಸಂಜೆ ಕಾರ್ಯದರ್ಶಿಗಳ ಕೈಗೆ ಹೋಗುತ್ತವೆ. ಹಂಗಾಮಿ, ಸಲಹೆಗಾರ, ವಿಶೇಷ ಆಹ್ವಾನಿತ ಎಂಬ ಯಾವ ಹೆಸರಿನಲ್ಲೂ ಈ ಕೆಲಸದಲ್ಲಿ ಇರುವುದಿಲ್ಲ. ವಾರ್ಷಿಕ ಸಭೆಯಲ್ಲಿ ನನ್ನ ಹೆಸರನ್ನು ಸೂಚಿಸಬೇಡಿ ಎಂದು ಈಗಲೇ ಕೇಳಿಕೊಳ್ಳುತ್ತೇನೆ. ಸಭೆಯಲ್ಲಿ ಎದ್ದು ನಿಂತು ನಿರಾಕರಿಸುವುದು ನನಗೂ ನಿಮಗೂ ಮುಜುಗರದ ಸಂಗತಿ.

ಕೃತಜ್ಞತೆಯ ಮಾತಿಗೆ ಮೊದಲು ನೆನಪಾಗುವವರು ರಾತ್ರಿ ಪಾಳಿಯ ಕಾವಲುಗಾರರು. ಪಂಪ್‌ ಮನೆಯ ಪುಸ್ತಕದಲ್ಲಿ ಬೆಳಿಗ್ಗೆ 5ಕ್ಕೆ ಮತ್ತು ರಾತ್ರಿ 10ಕ್ಕೆ ಸಂಪಿನ ಮಟ್ಟ ಬರೆಯುವುದು ಅವರ ಸಂಬಳದ ಕೆಲಸವಲ್ಲ. ಆದರೂ ಬರೆದರು. ನೆಲದಡಿಯ ಪೈಪು ಸೋರುತ್ತಿದ್ದದ್ದು ಆ ಎರಡು ಅಂಕಿಗಳಿಂದಲೇ ಪತ್ತೆಯಾಯಿತು: ಪಂಪ್ ಓಡದ ರಾತ್ರಿಯಲ್ಲೂ ಸಂಪಿನ ಮಟ್ಟ ಇಳಿಯುತ್ತಿತ್ತು. ಪ್ರತಿ ಭಾನುವಾರ ಮನೆಮನೆಯ ಮೀಟರು ನೋಡಿ ಬರೆದುಕೊಟ್ಟ ಬಿ ಬ್ಲಾಕಿನ ಇಬ್ಬರು ಹಿರಿಯರಿಗೆ, ಬೇಸಿಗೆಯಲ್ಲಿ ನೀರು ಬಿಡುವ ಸಮಯ ಕಡಿಮೆ ಮಾಡಿದಾಗ ದೂರದೆ ಹೊಂದಿಕೊಂಡ ಎಲ್ಲ ಮನೆಗಳಿಗೆ, ಕರೆದ ಒಂದು ಗಂಟೆಯೊಳಗೆ ಬರುತ್ತಿದ್ದ ಪ್ಲಂಬರ್‌ಗೆ, ಬಿಲ್ಲುಗಳನ್ನು ಒಂದು ದಿನವೂ ತಡೆಹಿಡಿಯದ ಖಜಾಂಚಿಗಳಿಗೆ ಮನಸಾರೆ ಧನ್ಯವಾದ. ಈ ಕೆಲಸ ನಿಂತಿದ್ದೇ ನಿಮ್ಮೆಲ್ಲರ ಮೇಲೆ.

ಇನ್ನು ಒಪ್ಪಿಸುವ ವಿಷಯ. ಕೆಳಗಿನದು ಮುಂದೆ ನೋಡಿಕೊಳ್ಳುವವರಿಗಾಗಿ. ಆದರೆ ಎಲ್ಲರೂ ಒಮ್ಮೆ ಓದಿದರೆ ಒಳ್ಳೆಯದು. ನಮ್ಮ ನೀರು ಹೇಗೆ ನಡೆಯುತ್ತದೆ ಎಂಬುದು ಒಬ್ಬರ ತಲೆಯಲ್ಲಿ ಮಾತ್ರ ಇರಬಾರದು.

ಸಂಪು 60,000 ಲೀಟರಿನದು. ಅದರ ತಳದ 15,000 ಲೀಟರು ಬೆಂಕಿ ಅವಘಡಕ್ಕೆ ಮೀಸಲು, ಅದನ್ನು ಯಾವ ಕಾರಣಕ್ಕೂ ಮೇಲೆತ್ತಬಾರದು. ಮನೆಬಳಕೆಗೆ ಸಿಗುವುದು 45,000. ಎರಡೂ ಬ್ಲಾಕು ಸೇರಿ ದಿನಕ್ಕೆ ಸುಮಾರು 26,000 ಲೀಟರು ಬಳಸುತ್ತೇವೆ, ಅಂದರೆ ಹೊರಗಿನಿಂದ ನೀರು ಬರುವುದು ನಿಂತರೆ ನಮಗಿರುವುದು ಎರಡು ದಿನಕ್ಕೂ ಕಡಿಮೆ ಗಡುವು. ಸಂಪು ಅರ್ಧಕ್ಕೆ ಇಳಿದಾಗಲೇ ಟ್ಯಾಂಕರಿಗೆ ಹೇಳಬೇಕು. ಮೀಸಲು ಗೆರೆ ಮುಟ್ಟುವವರೆಗೆ ಕಾದರೆ ಟ್ಯಾಂಕರು ಬರುವ ಮೊದಲೇ ಮೇಲಿನ ತೊಟ್ಟಿ ಖಾಲಿಯಾಗಿರುತ್ತದೆ.

ಪಂಪುಗಳು ಎರಡು, ತಲಾ 3 ಎಚ್‌ಪಿ, ತ್ರೀ ಫೇಸ್. ಪ್ರತಿ ಸೋಮವಾರ ಬೆಳಿಗ್ಗೆ ಒಂದರಿಂದ ಇನ್ನೊಂದಕ್ಕೆ ಬದಲಿಸಬೇಕು. ಸುಮ್ಮನೆ ನಿಂತ ಪಂಪಿನ ಶಾಫ್ಟ್ ಬಿಗಿದುಕೊಳ್ಳುತ್ತದೆ, ಬೇಕಾದ ದಿನವೇ ತಿರುಗುವುದಿಲ್ಲ. ಒಂದು ಪಂಪು ನಿಮಿಷಕ್ಕೆ ಸುಮಾರು 200 ಲೀಟರು ಎತ್ತುತ್ತದೆ, 15,000 ಲೀಟರಿನ ಒಂದು ತೊಟ್ಟಿ ತುಂಬಲು 75 ನಿಮಿಷ ಬೇಕು. ಒಂದೂವರೆ ಗಂಟೆ ಓಡಿಯೂ ತುಂಬದಿದ್ದರೆ ಎಲ್ಲೋ ಸೋರಿಕೆ ಇದೆ, ಇಲ್ಲವೇ ಸಂಪಿನೊಳಗೆ ಪೈಪಿನ ತುದಿಯಲ್ಲಿರುವ ಫುಟ್‌ವಾಲ್ವ್ ಸರಿಯಾಗಿ ಮುಚ್ಚುತ್ತಿಲ್ಲ.

ಫುಟ್‌ವಾಲ್ವ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ನಮ್ಮ ಪಂಪ್ ರಿಪೇರಿಗಳ ಮೂಲ ಬಹುಪಾಲು ಅದೇ. ಅದರ ಒಳಗಿನ ರಬ್ಬರು ಸವೆದರೆ ಅಥವಾ ಕಸ ಸಿಕ್ಕರೆ, ಪಂಪು ನಿಂತ ಮೇಲೆ ಪೈಪಿನ ನೀರು ಮೆಲ್ಲಗೆ ಸಂಪಿಗೆ ಇಳಿದುಹೋಗುತ್ತದೆ. ಮತ್ತೆ ಚಾಲೂ ಮಾಡಿದಾಗ ಪಂಪು ಗಾಳಿಯಲ್ಲಿ ತಿರುಗಿ, ತಂಪು ಮಾಡಲು ನೀರಿಲ್ಲದೆ ಸೀಲ್ ಸುಡುತ್ತದೆ. ಗುರುತು ಸುಲಭ: ಸ್ವಿಚ್ ಹಾಕಿ ಅರ್ಧ ನಿಮಿಷದೊಳಗೆ ಪ್ರೆಶರ್ ಗೇಜಿನ ಮುಳ್ಳು ಏಳಬೇಕು, ಆಂಪಿಯರ್ 5ರ ಆಸುಪಾಸಿನಲ್ಲಿರಬೇಕು. ಮುಳ್ಳು ಏಳದೆ ಆಂಪಿಯರ್ 3ಕ್ಕಿಂತ ಕೆಳಗಿದ್ದರೆ ತಕ್ಷಣ ನಿಲ್ಲಿಸಿ. ಇನ್ನೊಮ್ಮೆ ಹಾಕಿ ನೋಡೋಣ ಎಂಬ ಪ್ರಯತ್ನವೇ ಸೀಲನ್ನು ಹಾಳುಮಾಡುವುದು. ಪ್ರೈಮಿಂಗ್ ಮುಚ್ಚಳ ತೆಗೆದು ನೀರು ತುಂಬಿಸಿ, ಎರಡನೇ ಪಂಪಿಗೆ ಬದಲಿಸಿ, ಪ್ಲಂಬರನ್ನು ಕರೆಯಿರಿ.

ಬಿ ಬ್ಲಾಕಿನ ತೊಟ್ಟಿಯ ಫ್ಲೋಟ್ ಸ್ವಿಚ್ ಕೇಬಲ್ಲು ಒಮ್ಮೊಮ್ಮೆ ಒಳಗಿನ ಏಣಿಗೆ ಸುತ್ತಿಕೊಳ್ಳುತ್ತದೆ. ಆಗ ತೊಟ್ಟಿ ತುಂಬಿದರೂ ಪಂಪು ನಿಲ್ಲದು, ಒಂದು ಗಂಟೆ ಗಮನಿಸದಿದ್ದರೆ 12,000 ಲೀಟರು ಚರಂಡಿಗೆ. ತಿಂಗಳಿಗೊಮ್ಮೆ ಮುಚ್ಚಳ ತೆರೆದು ನೋಡಲೇಬೇಕು.

ನೀರು ಮೆದುಗೊಳಿಸುವ ಘಟಕ, ಅಂದರೆ ಸಾಫ್ಟ್‌ನರ್. ಅದರಲ್ಲಿ ಗಡಸುತನ ಹಿಡಿದುಕೊಳ್ಳುವ ರೆಸಿನ್ 100 ಲೀಟರು ಇದೆ. ನಮ್ಮ ಕೊಳವೆಬಾವಿಯ ನೀರಿನ ಗಡಸುತನ ಲೀಟರಿಗೆ ಸುಮಾರು 350 ಮಿಲಿಗ್ರಾಂ, ಆದ್ದರಿಂದ ಪ್ರತಿ 14,000 ಲೀಟರಿಗೆ ಒಮ್ಮೆ 15 ಕೆಜಿ ಉಪ್ಪಿನಿಂದ ರೀಜನರೇಷನ್, ಅಂದರೆ ರೆಸಿನನ್ನು ಮತ್ತೆ ಸಿದ್ಧಗೊಳಿಸುವುದು, ಆಗಬೇಕು. ಲೆಕ್ಕ ಇಡಬೇಕಾದದ್ದು ಮೀಟರಿನ ಲೀಟರಿನಲ್ಲಿ, ದಿನಗಳಲ್ಲಿ ಅಲ್ಲ. ದಿನಕ್ಕೊಮ್ಮೆ ಎಂದು ರೂಢಿ ಮಾಡಿಕೊಂಡರೆ ಹೆಚ್ಚು ಬಳಕೆಯ ದಿನ ಗಡಸು ನೀರು ಹಾಗೇ ದಾಟಿಹೋಗುತ್ತದೆ; ಗೀಸರಿನಲ್ಲಿ ಬಿಳಿ ಪದರ ಕಟ್ಟಿದ ಮೇಲಷ್ಟೇ ಗೊತ್ತಾಗುವುದು. ಉಪ್ಪಿನ ತೊಟ್ಟಿಯಲ್ಲಿ ಮೇಲೆ ಗಟ್ಟಿ ಪದರ ಕಟ್ಟಿ ಕೆಳಗೆ ಟೊಳ್ಳಾಗುವುದೂ ಉಂಟು: ಉಪ್ಪು ಇರುವಂತೆ ಕಾಣುತ್ತದೆ, ನೀರಿಗೆ ಸೇರಿರುವುದಿಲ್ಲ. ಕೋಲಿನಿಂದ ಒಡೆಯಬೇಕು. ಪ್ರತಿ ರೀಜನರೇಷನ್ ಆದ ಮೇಲೆ ಗಡಸುತನದ ಹನಿ ಪರೀಕ್ಷೆ ಮಾಡಿ ಪುಸ್ತಕದಲ್ಲಿ ಬರೆಯಿರಿ.

ಕ್ಲೋರಿನ್ ಹಾಕುವುದು ಸಾಫ್ಟ್‌ನರ್ ದಾಟಿದ ನೀರಿಗೆ, ಸಂಪಿನಲ್ಲಿ. ಮೊದಲೇ ಹಾಕಿದರೆ ರೆಸಿನ್ ಕೆಡುತ್ತದೆ. ಶೇ. 10ರ ಹೈಪೋಕ್ಲೋರೈಟ್ ದ್ರಾವಣ 600 ಮಿಲಿಲೀಟರು ತುಂಬಿದ ಸಂಪಿಗೆ ಲೀಟರಿಗೆ 1 ಮಿಲಿಗ್ರಾಂ ಕೊಡುತ್ತದೆ. ಅರ್ಧ ಗಂಟೆ ಬಿಟ್ಟು, ಅತ್ಯಂತ ದೂರದ ನಲ್ಲಿಯಲ್ಲಿ, ಅಂದರೆ ಬಿ ಬ್ಲಾಕಿನ ಕೊನೆಯ ಮಹಡಿಯಲ್ಲಿ, ಉಳಿದ ಕ್ಲೋರಿನ್ ಕನಿಷ್ಠ 0.2 ಇದೆಯೇ ನೋಡಿ. ಇಲ್ಲದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕ್ಯಾನನ್ನು. ಬಿಸಿಲಿಗೆ ಇಟ್ಟ ದ್ರಾವಣ ವಾರಗಳಲ್ಲೇ ಶಕ್ತಿ ಕಳೆದುಕೊಳ್ಳುತ್ತದೆ, ಅದಕ್ಕೇ ಒಂದು ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ತರಿಸಿ ನೆರಳಿನಲ್ಲಿಡಿ. ಅದನ್ನು ಆಸಿಡ್ ಕ್ಲೀನರ್ ಪಕ್ಕ ಇಡಲೇಬಾರದು, ಎರಡೂ ಬೆರೆತರೆ ವಿಷಾನಿಲ ಹುಟ್ಟುತ್ತದೆ.

ಸಂಪು ತೊಳೆದದ್ದು ಏಪ್ರಿಲ್ 12ರಂದು. ಮುಂದಿನದು ಅಕ್ಟೋಬರ್ ಮೊದಲ ವಾರಕ್ಕೆ. ಎರಡು ದಿನ ಮೊದಲೇ ಎಲ್ಲರಿಗೂ ತಿಳಿಸಿ. ಈ ಒಂದು ವಿಷಯದಲ್ಲಿ ದಯವಿಟ್ಟು ಅವಸರ ಮಾಡಬೇಡಿ. ಎರಡೂ ಮುಚ್ಚಳ ತೆಗೆಯದೆ, ಬ್ಲೋವರಿನಿಂದ ಗಾಳಿ ಆಡಿಸದೆ, ಹಗ್ಗ ಹಿಡಿದ ಒಬ್ಬರು ಮೇಲೆ ನಿಲ್ಲದೆ ಯಾರನ್ನೂ ಒಳಗೆ ಇಳಿಸಕೂಡದು. ಒಳಗಿದ್ದವರಿಗೆ ಏನಾದರೂ ಆದರೆ ಇನ್ನೊಬ್ಬರು ಹಿಂದೆ ಜಿಗಿಯಬಾರದು. ಮೇಲಿನಿಂದಲೇ ಹಗ್ಗದಲ್ಲಿ ಎಳೆಯಬೇಕು, ತುರ್ತು ಸೇವೆಗೆ ಕರೆ ಮಾಡಬೇಕು. ಪೆಟ್ರೋಲ್ ಎಂಜಿನಿನ ಪಂಪನ್ನು ಸಂಪಿನೊಳಗೆ ಇಳಿಸಬಾರದು, ಅದರ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ವಾಸನೆಯಿಲ್ಲದೆ ಕೊಲ್ಲುತ್ತದೆ. ಕಡಿಮೆ ದರ ಹೇಳಿದವರು ಈ ವ್ಯವಸ್ಥೆ ಬೇಡ ಎಂದರೆ ಆ ದರವೇ ಬೇಡ.

ಜೂನ್ 30ರಂದು ಕಾರ್ಯದರ್ಶಿಗಳಿಗೆ ಒಪ್ಪಿಸುವುದು ಇಷ್ಟು: ಪಂಪ್‌ ಮನೆ, ಎರಡು ಮೇಲ್ತೊಟ್ಟಿ ಮತ್ತು ಉಪ್ಪಿನ ಕೋಣೆಯ ಬೀಗದ ಕೈಗಳು, ತಲಾ ಎರಡು ಜೊತೆ, ನಾಲ್ಕು ವರ್ಷದ ಮಟ್ಟದ ಪುಸ್ತಕಗಳು, ಎರಡು ಪರೀಕ್ಷಾ ಕಿಟ್‌ಗಳು, ಪಂಪಿನ ವಾರ್ಷಿಕ ನಿರ್ವಹಣಾ ಒಪ್ಪಂದ, ವಾಲ್ವುಗಳಿಗೆ ಸಂಖ್ಯೆ ಬರೆದ ನಕ್ಷೆ. ಒಪ್ಪಂದದ ಅವಧಿ ಸೆಪ್ಟೆಂಬರ್ 15ಕ್ಕೆ ಮುಗಿಯುತ್ತದೆ, ಆಗಸ್ಟ್‌ನಲ್ಲೇ ಮೂರು ದರಪಟ್ಟಿ ತರಿಸಿ. ನಕ್ಷೆಯ ಒಂದು ಪ್ರತಿಯನ್ನು ಪಂಪ್‌ ಮನೆಯ ಬಾಗಿಲ ಹಿಂದೆ ಅಂಟಿಸಿದೆ. ನನ್ನ ಬಳಿ ಸಂಘದ ಮುಂಗಡ ಹಣ ಏನೂ ಉಳಿದಿಲ್ಲ. ಖಜಾಂಚಿಗಳು ಲೆಕ್ಕ ನೋಡಿ ಸಹಿ ಹಾಕಿದ್ದಾರೆ. ಮಟ್ಟ ತೋರಿಸುವ ಸೆನ್ಸರಿನ ಆ್ಯಪ್ ನನ್ನ ಫೋನ್ ಸಂಖ್ಯೆಗೆ ನೋಂದಣಿಯಾಗಿದೆ, 28ರೊಳಗೆ ಅದನ್ನು ಸಂಘದ ಸಂಖ್ಯೆಗೆ ಬದಲಿಸೋಣ. ಆಮೇಲೆ ಒಟಿಪಿಗಾಗಿ ನನ್ನ ಬಾಗಿಲು ಬಡಿಯುವ ಸ್ಥಿತಿ ಬರಬಾರದು.

ಜೂನ್ 21 ಮತ್ತು 28, ಎರಡೂ ದಿನ ಬೆಳಿಗ್ಗೆ 7ರಿಂದ 8:30ರವರೆಗೆ ಪಂಪ್‌ ಮನೆಯಲ್ಲಿ ಇರುತ್ತೇನೆ. ಹೊಣೆ ವಹಿಸಿಕೊಳ್ಳುವವರು ಬನ್ನಿ, ಪಂಪ್ ಬದಲಿಸುವುದು, ಪ್ರೈಮಿಂಗ್, ಎರಡೂ ಪರೀಕ್ಷೆ ನಿಮ್ಮ ಕೈಯಿಂದಲೇ ಮಾಡಿಸುತ್ತೇನೆ. ಒಬ್ಬರೇ ಎಲ್ಲವನ್ನೂ ಹೊರಬೇಡಿ ಎಂಬುದು ನನ್ನ ಬಲವಾದ ಸಲಹೆ. ಪಂಪು ಒಬ್ಬರಿಗೆ, ನೀರಿನ ಗುಣಮಟ್ಟ ಇನ್ನೊಬ್ಬರಿಗೆ, ಟ್ಯಾಂಕರು ಮತ್ತು ಬಿಲ್ಲು ಮೂರನೆಯವರಿಗೆ ಹಂಚಿದರೆ ತಲಾ ವಾರಕ್ಕೆ ಒಂದೂವರೆ ಗಂಟೆ ಸಾಕು.

ಜುಲೈ 1ರಿಂದ ನೀರಿನ ದೂರು ಇದ್ದರೆ ಕಾವಲು ಕೊಠಡಿಗೆ ಹೇಳಿ. ಅವರು ಪ್ಲಂಬರಿಗೆ, ಆಮೇಲೆ ಕಾರ್ಯದರ್ಶಿಗಳಿಗೆ ತಿಳಿಸುತ್ತಾರೆ. ಲಿಫ್ಟಿನ ಪಕ್ಕದ ಫಲಕದಿಂದ ನನ್ನ ಸಂಖ್ಯೆಯನ್ನು 30ರ ಸಂಜೆ ತೆಗೆಯುತ್ತೇನೆ, ನೀರಿನ ವಾಟ್ಸ್‌ಆ್ಯಪ್ ಗುಂಪಿನಿಂದಲೂ ಹೊರಗೆ ಬರುತ್ತೇನೆ. ಹೊಸದಾಗಿ ಹೊಣೆ ಹೊತ್ತವರಿಗೆ ಮಾತ್ರ ಜುಲೈ 15ರವರೆಗೆ ಬರಹದಲ್ಲಿ ಕೇಳಿದ ಪ್ರಶ್ನೆಗೆ ಉತ್ತರಿಸುತ್ತೇನೆ. ಅಲ್ಲಿಗೆ ಮುಗಿಯಿತು. ನಾನೇ ನೀರಿಲ್ಲವೆಂದು ಹೇಳಬೇಕಾದರೂ ಉಳಿದವರಂತೆ ಕಾವಲು ಕೊಠಡಿಗೇ ಹೇಳುತ್ತೇನೆ.

ನಾಲ್ಕು ವರ್ಷ ನಿಮ್ಮ ಮನೆಯ ನಲ್ಲಿಯ ವಿಷಯದಲ್ಲಿ ನನ್ನ ಮಾತನ್ನು ನಂಬಿದಿರಿ. ಅದಕ್ಕೆ ಕೈಮುಗಿಯುತ್ತೇನೆ.

ನಿಮ್ಮ ವಿಶ್ವಾಸಿ,
ಎ ಬ್ಲಾಕ್, 304ನೇ ಮನೆ
ನೀರು ಮತ್ತು ಪಂಪ್ ನಿರ್ವಹಣೆಯ ಸಂಯೋಜಕ, ಜೂನ್ 30ರವರೆಗೆ