ಆಚೆ ದಡದ ಜೀಪು

ತುಮರಿ ಸಮೀಪ, ನಿನ್ನ ತವರುಮನೆ
ಡಿಸೆಂಬರ್ 12, 2025

ಶಾರದಾ,

ಮೇಲಿನ ವಿಳಾಸ ನೋಡಿ ಹುಬ್ಬೇರಿಸಬೇಡ. ನಮ್ಮ ಮದುವೆಯ ವಾರ್ಷಿಕದ ದಿನ ನಾನಾಗಿಯೇ ನಿನ್ನ ತವರಿಗೆ ಬಂದವನಲ್ಲ, ನಿಜ. ಪ್ರತಿ ವರ್ಷ ಈ ದಿನ ಸಾಗರದ ಮನೆಯಲ್ಲೇ ಕುಳಿತು ನಿನಗೊಂದು ಕಾಗದ ಬರೆದು, ಟಪಾಲು ಕಚೇರಿಯಲ್ಲಿ ದುಡಿದ ಕೈಯಿಂದಲೇ ಅದನ್ನು ಟ್ರಂಕಿನೊಳಗೆ ಹಾಕುತ್ತಿದ್ದೆ. ಬಟವಾಡೆಯಾಗದ ಕಾಗದಗಳು ಏನಾಗುತ್ತವೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು!

ಸೇತುವೆ ಆಯಿತು ಮಾರಾಯ್ತಿ. ಕಳೆದ ಜುಲೈ 14ಕ್ಕೆ ಉದ್ಘಾಟನೆ. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಎರಡು ಕಿಲೋಮೀಟರಿಗೂ ಹೆಚ್ಚು ಉದ್ದ. ಎತ್ತರದ ಕಂಬಗಳಿಂದ ಸೇತುವೆಯ ರಸ್ತೆಗೆ ದಪ್ಪ ತಂತಿ ಬಿಗಿದು ನಿಲ್ಲಿಸಿದ್ದಾರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ನಿಮ್ಮ ಸೀಮೆಯನ್ನು ನೀರಿನ ಆಚೆ ತಳ್ಳಿದವರು, ಅರವತ್ತೊಂದು ವರ್ಷದ ಮೇಲೆ ದಾರಿ ಕೊಟ್ಟರು. ಊರಿಗೆಲ್ಲ ಕರೆಂಟು ಕೊಟ್ಟು ತಾವು ಬುಡ್ಡಿ ದೀಪದಲ್ಲಿ ಕುಳಿತವರು ನಿಮ್ಮವರು. ನೀನು ಇದ್ದಿದ್ದರೆ ಉದ್ಘಾಟನೆಯ ಭಾಷಣ ಮುಗಿಯುವ ಮೊದಲೇ ಸೆರಗು ಸಿಕ್ಕಿಸಿಕೊಂಡು ನಡೆದುಬಿಡುತ್ತಿದ್ದೆ.

ಬೆಳಿಗ್ಗೆ ಹೋಗೋಣವೆಂದ ಮೊಮ್ಮಗ. ರಾತ್ರಿಯೇ ಆಗಬೇಕೆಂದೆ. ನಿನ್ನೆ ಹತ್ತು ಗಂಟೆಗೆ ಕಾರು ಹತ್ತಿದೆವು. ಯಾಕೆ ಎಂದು ಅವನಿಗೆ ಹೇಳಲಿಲ್ಲ, ನಿನಗೆ ಹೇಳಬೇಕಾಗಿಲ್ಲ.

1988ರ ಆ ಜನವರಿ. ನಿನ್ನ ಅಮ್ಮ ಹೋದರೆಂಬ ಫೋನು ಕಚೇರಿಗೆ ಬರುವ ಹೊತ್ತಿಗೆ ಕತ್ತಲಾಗಿತ್ತು. ಹೊಳೆಬಾಗಿಲು ಮುಟ್ಟಿದಾಗ ಕೊನೆಯ ಲಾಂಚ್ ಹೋಗಿ ಎಷ್ಟೋ ಹೊತ್ತು. ನೀನು ದಡದ ಕಲ್ಲಿನ ಮೇಲೆ ಕುಳಿತೆ. ಕಂಬಳಿ ಹೊದೆಸಿದರೆ ತಳ್ಳಿದೆ. ಆಚೆ ದಡದಲ್ಲಿ ಜೀಪಿನ ಎರಡು ದೀಪ ಉರಿಯುತ್ತಿದ್ದವು. "ನಮಗಾಗಿ ಕಾಯುತ್ತಿದ್ದಾರೆ" ಎಂದೆ. ನಡುರಾತ್ರಿ ಕಳೆದ ಮೇಲೆ ಆ ದೀಪ ಮಂಕಾಗುತ್ತಾ ಹೋಗಿ ಆರಿದವು. "ಹೊರಟುಹೋದರು" ಎಂದವಳು ಬೆಳಗಿನವರೆಗೆ ಮತ್ತೆ ಬಾಯಿ ಬಿಡಲಿಲ್ಲ. ಮೊದಲ ಲಾಂಚಿಗೆ ದಾಟಿ ಮನೆ ಸೇರುವಾಗ ತೋಟದ ಆಚೆ ಹೊಗೆ ಏಳುತ್ತಿತ್ತು. ಅಂದಿನಿಂದ ತಮ್ಮ ರಾಘವನ ಜೊತೆ ನಿನ್ನದು ಅಕ್ಕಿ, ಬೇಳೆ, ಮಳೆಯ ಮಾತಷ್ಟೇ. ಅವನ ಮಗಳ ಮದುವೆಗೆ ಸೀರೆ ಕಳಿಸಿದೆ, ನೀನು ಹೋಗಲಿಲ್ಲ.

ನಿನ್ನೆ ಸೇತುವೆ ದಾಟಲು ಎಷ್ಟು ಹೊತ್ತಾಯಿತೆನ್ನುತ್ತೀ? ಮೊಮ್ಮಗ ರೇಡಿಯೋದ ಗುಂಡಿ ತಿರುಗಿಸಿ ಹಾಡೊಂದು ಹುಡುಕುವಷ್ಟರಲ್ಲಿ ಕಳಸವಳ್ಳಿ. ನನಗೆ ಸಂತೋಷವಾಗಲಿಲ್ಲ, ಕೆಟ್ಟ ಸಿಟ್ಟು ಬಂತು. ಇಷ್ಟೇ ಇಷ್ಟು ನೀರಿಗೆ ಒಂದು ಇಡೀ ರಾತ್ರಿ!

ರಾಘವ ಮಲಗಿರಲಿಲ್ಲ. ಅವನ ಹೆಂಡತಿ ಈ ಹೊತ್ತಿನಲ್ಲೂ ಒಲೆಯ ಮುಂದೆ ತೊಡೆದೇವು ಮಾಡುತ್ತಿದ್ದಳು. ಬೋರಲು ಹಾಕಿದ ಮಡಕೆಯ ಬೆನ್ನಿನ ಮೇಲೆ, ಕಬ್ಬಿನ ಹಾಲಿನ ಹಿಟ್ಟಿನಲ್ಲಿ ಅದ್ದಿದ ಬಟ್ಟೆಯನ್ನು ಸರಕ್ಕನೆ ಎಳೆಯುವುದು, ಅಂಚು ಬಿಟ್ಟ ಕೂಡಲೇ ಬೆರಳ ತುದಿಯಿಂದ ಎಬ್ಬಿಸಿ ಮಡಚುವುದು. ನಿನ್ನ ಕೈ ಇನ್ನೂ ತೆಳ್ಳಗೆ ಎಳೆಯುತ್ತಿತ್ತು, ಅದನ್ನು ಅವಳೆದುರು ಹೇಳಲಿಲ್ಲ. "ಸೇತುವೆ ಆದ ಮೇಲೆ ನೆಂಟರಿಗೆ ಹೊತ್ತುಗೊತ್ತೇ ಇಲ್ಲ" ಎಂದು ನಗುತ್ತಲೇ ಬಡಿಸಿದಳು.

ಊಟವಾಗಿ ಜಗಲಿಯಲ್ಲಿ ಕವಳ ಹಾಕುವಾಗ ಕೇಳಿಯೇಬಿಟ್ಟೆ. ಆವತ್ತು ಜೀಪಿನಲ್ಲಿದ್ದವರು ಯಾರು?

"ನಾನು, ಭಾವ" ಎಂದ.

ಒಬ್ಬನೇ ಇದ್ದನಂತೆ. ಜೀಪು ಎರವಲು ತಂದದ್ದು. ಅಕ್ಕನಿಗೆ ಧೈರ್ಯವಿರಲಿ ಎಂದು ದೀಪ ಹಾಕಿಕೊಂಡೇ ಕುಳಿತನಂತೆ. ಬ್ಯಾಟರಿ ಬರಿದಾಯಿತು. ಎಂಜಿನ್ ತಿರುಗಲೇ ಇಲ್ಲ. ಕತ್ತಲಲ್ಲಿ ನಡೆದು ಮನೆ ಮುಟ್ಟುವಷ್ಟರಲ್ಲಿ ದೊಡ್ಡಪ್ಪ ಎಲ್ಲ ಸಿದ್ಧ ಮಾಡಿಸಿಬಿಟ್ಟಿದ್ದರು. ಅಕ್ಕ ಬರುತ್ತಾಳೆ, ಲಾಂಚ್ ಬರಲಿ ಎಂದನಂತೆ. ಇಪ್ಪತ್ತೆರಡರ ಹುಡುಗನ ಮಾತು ಯಾರು ಕೇಳುತ್ತಾರೆ?

"ಶಾರದೆಗೆ ಯಾಕೆ ಹೇಳಲಿಲ್ಲ?"

"ಅಕ್ಕ ಕೇಳಲೇ ಇಲ್ಲ. ಕೇಳಿದರೆ ಹೇಳೋಣವೆಂದಿದ್ದೆ" ಎಂದು ಎದ್ದು ಅಂಗಳಕ್ಕೆ ಹೋದ. ಕವಳ ಉಗಿದು ಬರಲು ಅಷ್ಟು ಹೊತ್ತು ಬೇಕಾಗಿಲ್ಲ.

ಅಕ್ಕ, ತಮ್ಮ ಇಬ್ಬರದೂ ಒಂದೇ ಹಟ. ಈ ಕಾಗದವನ್ನು ಟ್ರಂಕಿಗೆ ಹಾಕುವುದಿಲ್ಲ, ಅವನಿಗೇ ಓದಲು ಕೊಡುತ್ತೇನೆ. ನಾಳೆ ಅವನೂ ಸಾಗರಕ್ಕೆ ಬರುತ್ತಾನೆ. ತೊಡೆದೇವಿನ ಡಬ್ಬಿ ಕಟ್ಟಿಸಿದ್ದಾನೆ, ನಿನ್ನ ಪಾಲೆಂದು ಬೇರೆಯಾಗಿ. ಅದನ್ನು ನಾನೇ ತಿನ್ನಬೇಕಾಗುತ್ತದೆ. ಸಕ್ಕರೆ ಕಾಯಿಲೆಯ ಮಾತು ಎತ್ತಬೇಡ.

ನಿನ್ನ,
ಗಣಪತಿ